ಲೆವರೇಜ್ ಮತ್ತು ಮಾರ್ಜಿನ್: ಚಾರ್ಟ್ ಚೂರು ಅಲುಗಿದರೆ ಖಾತೆ ಯಾಕೆ ಅಷ್ಟು ಜೋರಾಗಿ ಅಲುಗುತ್ತದೆ? (ಪದೇ ಪದೇ ಕೇಳುವ ಪ್ರಶ್ನೆಗಳು)

ಇಲ್ಲಿನ ಉತ್ತರಗಳೆಲ್ಲ ಒಂದೇ ಉದಾಹರಣೆಯ ಸುತ್ತ ಇವೆ. ನ್ಯೂಯಾರ್ಕ್‌ನ ನೈಮೆಕ್ಸ್ ವಿನಿಮಯ ಕೇಂದ್ರದಲ್ಲಿ ವಹಿವಾಟಾಗುವ ಡಬ್ಲ್ಯುಟಿಐ ಅನ್ನುವ ಅಮೆರಿಕದ ಕಚ್ಚಾ ತೈಲದ ಫ್ಯೂಚರ್ಸ್, ಅಂದರೆ ಮುಂದಿನ ಒಂದು ದಿನಕ್ಕೆ ಇವತ್ತೇ ಬೆಲೆ ಗೊತ್ತುಮಾಡಿ ಕೊಳ್ಳುವ ಅಥವಾ ಮಾರುವ ಒಪ್ಪಂದ ಅದು. ಒಂದು ಕಾಂಟ್ರಾಕ್ಟ್ ಅಂದರೆ 1,000 ಬ್ಯಾರೆಲ್. ಹಾಗಾಗಿ ಬೆಲೆ 1 ಡಾಲರ್ ಬದಲಾದರೆ ಒಂದು ಕಾಂಟ್ರಾಕ್ಟ್‌ಗೆ 1,000 ಡಾಲರ್ ವ್ಯತ್ಯಾಸ. ಲೆಕ್ಕ ಸುಲಭವಾಗಲಿ ಅಂತ ಬೆಲೆ 80 ಡಾಲರ್, ಶುರುವಿನಲ್ಲಿ ಇಡಬೇಕಾದ ಠೇವಣಿ ಅಂದರೆ ಇನಿಶಿಯಲ್ ಮಾರ್ಜಿನ್ 6,000, ಆಮೇಲೆ ಖಾತೆ ಇಳಿಯಬಾರದ ಮಟ್ಟ ಅಂದರೆ ಮೇಂಟೆನೆನ್ಸ್ ಮಾರ್ಜಿನ್ 5,500, ಖಾತೆಯಲ್ಲಿರುವ ಹಣ 10,000 ಡಾಲರ್ ಅಂತ ಇಟ್ಟುಕೊಳ್ಳೋಣ. ಮಾರ್ಜಿನ್ ಮೊತ್ತ ನಿಜದಲ್ಲಿ ಆಗಾಗ ಬದಲಾಗುತ್ತದೆ. ವಹಿವಾಟು ಮಾಡುವ ದಿನ ಎಷ್ಟಿದೆ ಅಂತ ನೋಡಿಕೊಳ್ಳಬೇಕು.

ಚಾರ್ಟ್‌ನಲ್ಲಿ ಬೆಲೆ ಇಳಿದಿದ್ದು ಶೇ. 1. ನನ್ನ ಖಾತೆ ಇಳಿದಿದ್ದು ಶೇ. 8. ಎಲ್ಲೋ ಲೆಕ್ಕ ತಪ್ಪಿದೆಯಾ?

ಇಲ್ಲ, ಲೆಕ್ಕ ಸರಿಯಾಗಿದೆ. ಎರಡು ಶೇಕಡಾವಾರುಗಳೂ ಬೇರೆ ಬೇರೆ ಮೊತ್ತದ ಮೇಲೆ ಹಾಕಿದವು, ಅಷ್ಟೇ.

80 ಡಾಲರ್ ಬೆಲೆಗೆ 1,000 ಬ್ಯಾರೆಲ್ ಅಂದರೆ ಕಾಂಟ್ರಾಕ್ಟ್ ಮೌಲ್ಯ 80,000 ಡಾಲರ್. ಬೆಲೆ 79.20ಕ್ಕೆ ಇಳಿದರೆ ಅದು ಶೇ. 1ರ ಇಳಿಕೆ, ಅಂದರೆ 800 ಡಾಲರ್. ಈ 800 ಪೂರ್ತಿ ನಿಮ್ಮ ಖಾತೆಯಿಂದಲೇ ಹೋಗುತ್ತದೆ. ನಿಮ್ಮ ಖಾತೆಯಲ್ಲಿ 80,000 ಇಲ್ಲ, 10,000 ಇದೆ. 10,000ದಲ್ಲಿ 800 ಅಂದರೆ ಶೇ. 8. ಬೆಲೆ ಏರಿದಾಗಲೂ ಇದೇ ಲೆಕ್ಕ. ಆದರೆ ಆಗ ಯಾರೂ ಈ ಪ್ರಶ್ನೆ ಕೇಳುವುದಿಲ್ಲ!

ಮಾರ್ಜಿನ್ ಅಂದರೆ ನಾನು ಕೊಟ್ಟ ಬೆಲೆಯಾ? ಅಥವಾ ಸಾಲದ ಮುಂಗಡವಾ?

ಎರಡೂ ಅಲ್ಲ. ಷೇರನ್ನು ಮಾರ್ಜಿನ್ ಮೇಲೆ ಕೊಂಡರೆ ಬ್ರೋಕರ್ ನಿಜವಾಗಿಯೂ ಸಾಲ ಕೊಡುತ್ತಾನೆ, ಬಡ್ಡಿ ಹಾಕುತ್ತಾನೆ. ಫ್ಯೂಚರ್ಸ್‌ನಲ್ಲಿ ಹಾಗಿಲ್ಲ. ಇಲ್ಲಿ ನೀವು ಏನನ್ನೂ ಇನ್ನೂ ಕೊಂಡಿಲ್ಲ, ಕೊಳ್ಳುವ ಒಪ್ಪಂದ ಮಾಡಿಕೊಂಡಿದ್ದೀರಿ. ಒಪ್ಪಂದದಿಂದ ನಷ್ಟ ಬಂದರೆ ಕಟ್ಟಿಕೊಡುತ್ತೀರಿ ಅನ್ನುವುದಕ್ಕೆ ಇಟ್ಟ ಭದ್ರತಾ ಠೇವಣಿಯೇ ಮಾರ್ಜಿನ್.

ಇದರಿಂದ ಒಂದು ಮುಖ್ಯ ವಿಷಯ ಹೊರಡುತ್ತದೆ. ಠೇವಣಿ 6,000 ಅಂದ ಮಾತ್ರಕ್ಕೆ ನಷ್ಟ 6,000ಕ್ಕೆ ನಿಲ್ಲುವುದಿಲ್ಲ. ನಷ್ಟಕ್ಕೂ ಠೇವಣಿಗೂ ನೇರ ಸಂಬಂಧವೇ ಇಲ್ಲ. ನಷ್ಟ ನಿಂತಿರುವುದು 1,000 ಬ್ಯಾರೆಲ್ ಮೇಲೆ. ಸಾಮಾನ್ಯ ದಿನಗಳಲ್ಲಿ ಒಂದೆರಡು ದಿನದ ಏರಿಳಿತವನ್ನು ಠೇವಣಿ ತಡೆದುಕೊಳ್ಳಬೇಕು ಅನ್ನುವ ಅಂದಾಜಿನಲ್ಲಿ ವಿನಿಮಯ ಕೇಂದ್ರ ಆ ಮೊತ್ತ ಗೊತ್ತುಮಾಡುತ್ತದೆ. ಆ ಅಂದಾಜು ಮಾರುಕಟ್ಟೆಯ ಸುರಕ್ಷತೆಗೆ, ನಿಮ್ಮ ಖಾತೆಯ ಸುರಕ್ಷತೆಗಲ್ಲ.

ಬ್ರೋಕರ್ '13 ಪಟ್ಟು ಲೆವರೇಜ್' ಅಂತಾನೆ. ಹಾಗಾದರೆ ನನ್ನ ಲೆವರೇಜ್ 13 ಪಟ್ಟಾ?

ಅಲ್ಲ. ಲೆವರೇಜ್ ಅಂದರೆ ನಿಮ್ಮ ಹಣದ ಎಷ್ಟು ಪಟ್ಟು ಮೌಲ್ಯದ ವಹಿವಾಟು ಹೊತ್ತಿದ್ದೀರಿ ಅನ್ನುವುದು. 80,000ವನ್ನು 6,000ದಿಂದ ಭಾಗಿಸಿದರೆ ಸುಮಾರು 13 ಬರುತ್ತದೆ. ಅದು ಕೊಳ್ಳುವಾಗ ನಿಮಗೆ ಸಿಗಬಹುದಾದ ಗರಿಷ್ಠ ಲೆವರೇಜ್. ನೀವು ನಿಜವಾಗಿ ಹೊತ್ತಿರುವುದು ಎಷ್ಟು ಅಂತ ತಿಳಿಯಲು ಕಾಂಟ್ರಾಕ್ಟ್ ಮೌಲ್ಯವನ್ನು ಖಾತೆಯ ಒಟ್ಟು ಹಣದಿಂದ ಭಾಗಿಸಬೇಕು. 80,000 ಭಾಗಿಸು 10,000, ಅಂದರೆ 8 ಪಟ್ಟು. ಇದೇ ಕಾಂಟ್ರಾಕ್ಟನ್ನು 40,000 ಡಾಲರ್ ಖಾತೆಯಲ್ಲಿ ಇಟ್ಟುಕೊಂಡವರಿಗೆ 2 ಪಟ್ಟು ಮಾತ್ರ. ಇಬ್ಬರೂ ಒಂದೇ ಕಾಂಟ್ರಾಕ್ಟ್ ಕೊಂಡಿದ್ದಾರೆ, ಒಂದೇ ಮಾರ್ಜಿನ್ ಕಟ್ಟಿದ್ದಾರೆ. ಬೆಲೆ ಶೇ. 5 ಇಳಿದರೆ ಒಬ್ಬರಿಗೆ ಶೇ. 40 ಹೋಗುತ್ತದೆ, ಇನ್ನೊಬ್ಬರಿಗೆ ಶೇ. 10.

ನನ್ನ ಕೇಳಿದರೆ ಬ್ರೋಕರ್ ಹೇಳುವ ಸಂಖ್ಯೆಯನ್ನು ಮರೆತುಬಿಡುವುದೇ ಒಳ್ಳೆಯದು. ಅದು ಎಷ್ಟು ಸಾಹಸ ಮಾಡಲು ಅನುಮತಿ ಇದೆ ಅಂತ ಹೇಳುತ್ತದೆ, ಎಷ್ಟು ಮಾಡಿದ್ದೀರಿ ಅಂತ ಹೇಳುವುದಿಲ್ಲ.

ಮಾರ್ಜಿನ್ ಕಾಲ್ ಬರುವ ತನಕ ದಿನದಿಂದ ದಿನಕ್ಕೆ ಏನಾಗುತ್ತದೆ?

ಫ್ಯೂಚರ್ಸ್‌ನಲ್ಲಿ ಲಾಭ ನಷ್ಟವನ್ನು ಕೊನೆಯವರೆಗೆ ಬಾಕಿ ಇಡುವುದಿಲ್ಲ. ಪ್ರತಿ ದಿನದ ಕೊನೆಗೆ ಸೆಟಲ್‌ಮೆಂಟ್ ಬೆಲೆ ಗೊತ್ತುಮಾಡಿ, ಆ ದಿನದ ವ್ಯತ್ಯಾಸವನ್ನು ನಗದಾಗಿ ಖಾತೆಗೆ ಹಾಕುತ್ತಾರೆ ಅಥವಾ ಖಾತೆಯಿಂದ ತೆಗೆಯುತ್ತಾರೆ. ಇದಕ್ಕೆ ಮಾರ್ಕ್ ಟು ಮಾರ್ಕೆಟ್ ಅನ್ನುತ್ತಾರೆ. ನಮ್ಮ ಉದಾಹರಣೆಯನ್ನು ಮೂರು ದಿನ ನಡೆಸಿ ನೋಡೋಣ.

ಮೊದಲ ದಿನ ಬೆಲೆ 80ರಿಂದ 79.20ಕ್ಕೆ ಬಂತು. 800 ಹೋಯಿತು, ಖಾತೆಯಲ್ಲಿ 9,200 ಉಳಿಯಿತು. ಎರಡನೇ ದಿನ 77.60ಕ್ಕೆ ಮುಗಿಯಿತು. ಇನ್ನೂ 1,600 ಹೋಗಿ 7,600 ಉಳಿಯಿತು. ಮೂರನೇ ದಿನ 75.30. ಮತ್ತೆ 2,300 ಹೋಗಿ ಖಾತೆಯಲ್ಲಿ 5,300 ಇದೆ. ಇದು ಮೇಂಟೆನೆನ್ಸ್ ಮಾರ್ಜಿನ್ ಆದ 5,500ಕ್ಕಿಂತ ಕಡಿಮೆ. ಇನ್ನಷ್ಟು ಹಣ ಕಟ್ಟಿ ಅನ್ನುವ ಬ್ರೋಕರ್ ಕರೆ, ಅಂದರೆ ಮಾರ್ಜಿನ್ ಕಾಲ್, ಬರುವುದು ಇಲ್ಲಿ.

ಎಷ್ಟು ಕಟ್ಟಬೇಕು? ತುಂಬಾ ಜನ 200 ಅಂದುಕೊಳ್ಳುತ್ತಾರೆ, ಯಾಕೆಂದರೆ ಕಡಿಮೆ ಬಿದ್ದಿರುವುದು ಅಷ್ಟೇ ಅಲ್ವಾ? ಆದರೆ ಫ್ಯೂಚರ್ಸ್‌ನಲ್ಲಿ ಸಾಮಾನ್ಯವಾಗಿ ಮತ್ತೆ ಇನಿಶಿಯಲ್ ಮಾರ್ಜಿನ್ ಮಟ್ಟಕ್ಕೆ ತುಂಬಿಸಬೇಕು. ಅಂದರೆ 700. ಕೊಟ್ಟ ಸಮಯದಲ್ಲಿ ಕಟ್ಟದಿದ್ದರೆ ಬ್ರೋಕರ್ ತಾನೇ ಪೊಸಿಷನ್, ಅಂದರೆ ನಿಮ್ಮ ಕೈಯಲ್ಲಿರುವ ಕಾಂಟ್ರಾಕ್ಟ್, ಮಾರಿ ಮುಚ್ಚುತ್ತಾನೆ. ಬೆಲೆ ವೇಗವಾಗಿ ಬೀಳುತ್ತಿದ್ದರೆ ಕರೆ ಮಾಡದೆಯೇ ಮುಚ್ಚುವ ಹಕ್ಕು ಹೆಚ್ಚಿನ ಒಪ್ಪಂದಗಳಲ್ಲಿ ಬರೆದೇ ಇರುತ್ತದೆ.

ಈಗ ಇಡೀ ಚಿತ್ರ ನೋಡಿ. ತೈಲ ಇಳಿದಿದ್ದು ಶೇ. 6ಕ್ಕೂ ಚೂರು ಕಡಿಮೆ. ಖಾತೆ ಇಳಿದಿದ್ದು ಶೇ. 47. ಇನ್ನೊಂದು ವಿಷಯ ಇದರ ಹಿಂದೆ ಸದ್ದಿಲ್ಲದೆ ನಡೆದಿದೆ. ಶುರುವಿನಲ್ಲಿ ಲೆವರೇಜ್ 8 ಪಟ್ಟು ಇತ್ತು. ಮೂರನೇ ದಿನ ಕಾಂಟ್ರಾಕ್ಟ್ ಮೌಲ್ಯ 75,300, ಖಾತೆ 5,300. ಅಂದರೆ 14 ಪಟ್ಟು. ನೀವು ಹೊಸದಾಗಿ ಏನೂ ಕೊಂಡಿಲ್ಲ, ಆದರೂ ಲೆವರೇಜ್ ಏರಿದೆ. ಕಾಂಟ್ರಾಕ್ಟ್ ಮೌಲ್ಯ ಸ್ವಲ್ಪ ಕುಗ್ಗುತ್ತದೆ, ಖಾತೆ ಅದಕ್ಕಿಂತ ಎಷ್ಟೋ ವೇಗವಾಗಿ ಕುಗ್ಗುತ್ತದೆ. ಹೀಗಾಗಿ ಮೊದಲ ದಿನ ಶೇ. 1ರ ಇಳಿಕೆಗೆ ಖಾತೆಯ ಶೇ. 8 ಹೋದರೆ, ನಾಲ್ಕನೇ ದಿನ ಅದೇ ಶೇ. 1ಕ್ಕೆ ಶೇ. 14 ಹೋಗುತ್ತದೆ. ನಷ್ಟದಲ್ಲಿರುವ ಪೊಸಿಷನ್ ದಿನ ಕಳೆದಂತೆ ಹೆಚ್ಚು ಅಪಾಯದ್ದಾಗುತ್ತದೆ ಅನ್ನುವುದಕ್ಕೆ ಕಾರಣ ಇದೇ.

ಮರುದಿನ ಬೆಲೆ ಮತ್ತೆ 80ಕ್ಕೆ ಬಂತು. ನನ್ನ ಹಣ ಮಾತ್ರ ಬರಲಿಲ್ಲ. ಯಾಕೆ?

ಪೊಸಿಷನ್ 75.30ಕ್ಕೆ ಮುಚ್ಚಿಹೋಗಿದ್ದರೆ ಅಲ್ಲಿಗೆ ನಿಮ್ಮ ಕಥೆ ಮುಗಿದಿದೆ. ಬೆಲೆ ವಾಪಸ್ ಬಂದಾಗ ನೀವು ಮಾರುಕಟ್ಟೆಯಲ್ಲಿ ಇರಲಿಲ್ಲ. ಮತ್ತೆ ಒಳಗೆ ಹೋಗೋಣ ಅಂದರೂ ಹೊಸ ಕಾಂಟ್ರಾಕ್ಟ್‌ಗೆ 6,000 ಬೇಕು, ಕೈಯಲ್ಲಿರುವುದು 5,300.

ನಿಮ್ಮ ಅಂದಾಜು ಸರಿಯೇ ಇತ್ತು ಅನ್ನುವುದು ಇಲ್ಲಿ ಲೆಕ್ಕಕ್ಕೆ ಬರುವುದಿಲ್ಲ. ಲೆವರೇಜ್ ಇಲ್ಲದೆ ತೈಲ ಕೊಂಡವನಿಗೆ ಬೆಲೆ ಎಲ್ಲಿಂದ ಎಲ್ಲಿಗೆ ಹೋಯಿತು ಅನ್ನುವುದಷ್ಟೇ ಮುಖ್ಯ. ನಿಮಗೆ ಅದು ಯಾವ ದಾರಿಯಲ್ಲಿ ಹೋಯಿತು ಅನ್ನುವುದೂ ಮುಖ್ಯ. ಇನ್ನು 5,300ರಿಂದ ಮತ್ತೆ 10,000ಕ್ಕೆ ಬರಬೇಕಾದರೆ ಶೇ. 89ರಷ್ಟು ಗಳಿಸಬೇಕು. ಕಳೆದುಕೊಂಡಿದ್ದು ಶೇ. 47 ಆದರೂ ವಾಪಸ್ ಬರುವ ದಾರಿ ಅದರ ಸುಮಾರು ಎರಡರಷ್ಟು ಉದ್ದ.

ಮಾರ್ಜಿನ್ ಕಾಲ್ ಯಾವ ಬೆಲೆಗೆ ಬರುತ್ತದೆ ಅಂತ ಮೊದಲೇ ಗೊತ್ತುಮಾಡಿಕೊಳ್ಳಬಹುದಾ?

ಖಂಡಿತ, ಕೊಳ್ಳುವ ಮೊದಲೇ. ಖಾತೆಯ ಹಣದಲ್ಲಿ ಮೇಂಟೆನೆನ್ಸ್ ಮಾರ್ಜಿನ್ ಕಳೆಯಿರಿ: 10,000ದಲ್ಲಿ 5,500 ಹೋದರೆ 4,500. ಇದನ್ನು 1,000 ಬ್ಯಾರೆಲ್‌ನಿಂದ ಭಾಗಿಸಿದರೆ 4.50 ಡಾಲರ್. ಕೊಂಡ ಬೆಲೆ 80ರಿಂದ ಕಳೆದರೆ 75.50. ಅಲ್ಲಿಗಿಂತ ಕೆಳಗೆ ಹೋದರೆ ಕರೆ ಬರುತ್ತದೆ. ಖಾತೆ ಪೂರ್ತಿ ಖಾಲಿಯಾಗುವ ಬೆಲೆ 70. ಬೆಲೆ ಇಳಿಯಲಿ ಅಂತ ಮೊದಲೇ ಮಾರಿದವರು ಕಳೆಯುವ ಬದಲು ಕೂಡಿಸಬೇಕು.

ಈ ಎರಡು ಬೆಲೆಗಳಿಗೂ ಚಾರ್ಟ್ ಮೇಲೆ ಅಡ್ಡಗೆರೆ ಎಳೆದುಬಿಡಿ. ಕಳೆದ ಕೆಲವು ತಿಂಗಳಲ್ಲಿ ಬೆಲೆ ಎಷ್ಟು ಸಲ ಅಷ್ಟು ದೂರ ಓಡಾಡಿದೆ ಅಂತ ಕಣ್ಣಿಗೇ ಕಾಣುತ್ತದೆ.

ಚಾರ್ಟ್‌ನಲ್ಲಿ ಅಷ್ಟು ಚಿಕ್ಕದಾಗಿ ಕಾಣುವ ಇಳಿಕೆ ಖಾತೆಗೆ ಅಷ್ಟು ದೊಡ್ಡದಾಗುವುದು ವಿಚಿತ್ರ ಅನ್ನಿಸುತ್ತದೆ.

ಚಾರ್ಟ್‌ಗೆ ನಿಮ್ಮ ಖಾತೆಯ ಸುದ್ದಿಯೇ ಗೊತ್ತಿಲ್ಲ. ಒಂದು ವರ್ಷದ ಚಾರ್ಟ್ ತೆಗೆದಿದ್ದೀರಿ, ಪರದೆಯ ತಳದಲ್ಲಿ 60, ತುದಿಯಲ್ಲಿ 90 ಇದೆ ಅಂದುಕೊಳ್ಳಿ. ಅದರಲ್ಲಿ 1.50 ಡಾಲರ್ ಇಳಿಕೆ ಪರದೆಯ ಎತ್ತರದ ಇಪ್ಪತ್ತರಲ್ಲಿ ಒಂದು ಭಾಗ. ಕಣ್ಣಿಗೆ ಅದು ಬರೀ ಒಂದು ಪುಟ್ಟ ಕೆಂಪು ಕಡ್ಡಿ, ಚಾರ್ಟ್ ಭಾಷೆಯಲ್ಲಿ ಕ್ಯಾಂಡಲ್. ನಿಮ್ಮ ಖಾತೆಗೆ ಅದು 1,500 ಡಾಲರ್, ಶೇ. 15.

ಇದಕ್ಕೆ ವಿರುದ್ಧವೂ ಆಗುತ್ತದೆ. ಒಂದು ನಿಮಿಷದ ಚಾರ್ಟ್‌ನಲ್ಲಿ ಸಾಫ್ಟ್‌ವೇರ್ ತಾನಾಗಿಯೇ ಅಳತೆ ಹಿಗ್ಗಿಸುತ್ತದೆ. ಆಗ 30 ಸೆಂಟ್ ಇಳಿದರೂ ಪ್ರಪಾತ ಕಂಡಹಾಗೆ ಕಂಡು, ಸುಮ್ನೆ ಗಾಬರಿಯಾಗಿ ಮಾರಿಬಿಡುತ್ತೀರಿ. ಎರಡಕ್ಕೂ ಮದ್ದು ಒಂದೇ. ಬೆಲೆಯ ಅಂತರವನ್ನು 1,000ದಿಂದ ಗುಣಿಸಿ, ಖಾತೆಯ ಹಣದಿಂದ ಭಾಗಿಸಿ. ಕ್ಯಾಂಡಲ್‌ನ ಉದ್ದ ನೋಡಿ ನಿರ್ಧಾರ ಮಾಡಬೇಡಿ.

ಲಾಭದಲ್ಲಿದ್ದೇನೆ. ಬಂದ ಲಾಭದಿಂದಲೇ ಇನ್ನೊಂದು ಕಾಂಟ್ರಾಕ್ಟ್ ಕೊಂಡರೆ ತೊಂದರೆ ಇಲ್ಲ ತಾನೇ?

ಇಲ್ಲಿ ಸ್ವಲ್ಪ ನಿಲ್ಲೋಣ, ಯಾಕೆಂದರೆ ಅನುಭವಿಗಳೂ ಎಡವುವ ಜಾಗ ಇದು.

ಬೆಲೆ 80ರಿಂದ 86ಕ್ಕೆ ಏರಿತು ಅನ್ನಿ. 6,000 ಲಾಭ, ಖಾತೆಯಲ್ಲಿ 16,000. ಎರಡು ಕಾಂಟ್ರಾಕ್ಟ್‌ಗೆ ಇನಿಶಿಯಲ್ ಮಾರ್ಜಿನ್ 12,000 ಸಾಕು. ಹಾಗಾಗಿ 86ಕ್ಕೆ ಇನ್ನೊಂದನ್ನು ಕೊಂಡಿರಿ. ಈಗ ಎರಡರ ಸರಾಸರಿ ಬೆಲೆ 83. ಬೆಲೆ 83ಕ್ಕೆ ಇಳಿದರೆ ಮೊದಲನೆಯದರಲ್ಲಿ 3,000 ಲಾಭ, ಎರಡನೆಯದರಲ್ಲಿ 3,000 ನಷ್ಟ. ಇಡೀ ಲಾಭ ಅಳಿಸಿಹೋಯಿತು, ಖಾತೆ ಮತ್ತೆ 10,000. ಏರಲು 6 ಡಾಲರ್ ಬೇಕಾಗಿತ್ತು, ಅಳಿಸಲು 3 ಸಾಕಾಯಿತು.

ಅಷ್ಟೇ ಅಲ್ಲ. ಎರಡು ಕಾಂಟ್ರಾಕ್ಟ್‌ಗೆ ಮೇಂಟೆನೆನ್ಸ್ ಮಾರ್ಜಿನ್ 11,000. ಖಾತೆ 16,000ದಿಂದ 11,000ಕ್ಕೆ ಇಳಿಯಲು ಬೆಲೆ 2.50 ಡಾಲರ್ ಇಳಿದರೆ ಸಾಕು, ಅಂದರೆ 83.50. ಮೊದಲು ಕೊಂಡ ಬೆಲೆಗಿಂತ 3.50 ಡಾಲರ್ ಮೇಲಿದ್ದಾಗಲೇ ಮಾರ್ಜಿನ್ ಕಾಲ್ ಅಂಚಿಗೆ ಬಂದು ನಿಂತಿರುತ್ತೀರಿ. ಒಂದೇ ಕಾಂಟ್ರಾಕ್ಟ್ ಇಟ್ಟುಕೊಂಡಿದ್ದರೆ ಅದೇ ಅಂಚು 75.50ರಲ್ಲಿ ಇರುತ್ತಿತ್ತು.

ಎರಡನೆಯದನ್ನು ಕೊಂಡದ್ದೇ ತಪ್ಪು ಅಂತ ನಾನು ಹೇಳುತ್ತಿಲ್ಲ. ಟ್ರೆಂಡ್ ಹಿಂದೆ ಹೋಗುವವರು ಹೀಗೆ ಸೇರಿಸುತ್ತಾ ಹೋಗುವುದುಂಟು. ಆದರೆ ಅವರಲ್ಲಿ ಎಚ್ಚರಿಕೆಯವರು ಪ್ರತಿ ಸಲ ಮೊದಲಿಗಿಂತ ಚಿಕ್ಕ ಪ್ರಮಾಣ ಸೇರಿಸುತ್ತಾರೆ. ಮೊದಲು ಕೊಂಡಷ್ಟನ್ನೇ ಮತ್ತೆ ಸೇರಿಸುವುದಿಲ್ಲ.

ಸ್ಟಾಪ್ ಲಾಸ್ ಹಾಕಿದ್ದೇನೆ. ಇನ್ನೇನು ಭಯ?

ಸ್ಟಾಪ್ ಲಾಸ್ ಒಂದು ಬೆಲೆಯ ಭರವಸೆ ಅಲ್ಲ. ಬೆಲೆ ನೀವು ಮೊದಲೇ ಗೊತ್ತುಮಾಡಿದ ಮಟ್ಟ ಮುಟ್ಟಿದಾಗ 'ಸಿಕ್ಕ ಬೆಲೆಗೆ ಮಾರು' ಅನ್ನುವ ಆದೇಶ ಹೊರಡುತ್ತದೆ. ಆ ಕ್ಷಣದಲ್ಲಿ ಕೊಳ್ಳುವವರು ಎಲ್ಲಿದ್ದಾರೋ ಅಲ್ಲಿ ಮಾರಾಟ. ಇಷ್ಟಕ್ಕಿಂತ ಕಡಿಮೆಗೆ ಮಾರಬೇಡ ಅನ್ನುವ ಸ್ಟಾಪ್ ಲಿಮಿಟ್ ಹಾಕಿದರೆ ಇನ್ನೊಂದು ತೊಂದರೆ: ಬೆಲೆ ನಿಮ್ಮ ಮಿತಿಯನ್ನು ಹಾರಿ ಕೆಳಗೆ ಹೋದರೆ ಮಾರಾಟವೇ ಆಗುವುದಿಲ್ಲ.

2015ರ ಜನವರಿ 15ರಂದು ಸ್ವಿಟ್ಜರ್ಲೆಂಡಿನ ಕೇಂದ್ರ ಬ್ಯಾಂಕ್, ಒಂದು ಯೂರೋಗೆ 1.20 ಫ್ರಾಂಕ್ ಅನ್ನುವ ಕನಿಷ್ಠ ದರವನ್ನು ಇದ್ದಕ್ಕಿದ್ದಂತೆ ಕೈಬಿಟ್ಟಿತು. ಕೆಲವೇ ನಿಮಿಷಗಳಲ್ಲಿ ಯೂರೋ 1 ಫ್ರಾಂಕ್‌ಗಿಂತ ಕೆಳಗೆ ಬಿತ್ತು. 1.20ರ ಹತ್ತಿರ ಹಾಕಿದ್ದ ಎಷ್ಟೋ ಸ್ಟಾಪ್‌ಗಳು ತೀರಾ ಕೆಳಗಿನ ಬೆಲೆಗೆ ನಡೆದವು. ತುಂಬಾ ಖಾತೆಗಳು ಸೊನ್ನೆಗಿಂತ ಕೆಳಗೆ ಹೋದವು.

ನಮ್ಮ ತೈಲದ್ದೇ ಉದಾಹರಣೆ ಇನ್ನೂ ಘೋರ. 2020ರ ಏಪ್ರಿಲ್ 17ರ ಶುಕ್ರವಾರ ಮೇ ತಿಂಗಳ ಕಾಂಟ್ರಾಕ್ಟ್ 18.27 ಡಾಲರ್‌ಗೆ ಮುಗಿದಿತ್ತು. ಸೋಮವಾರ, ಏಪ್ರಿಲ್ 20ರಂದು, ಸೆಟಲ್‌ಮೆಂಟ್ ಬೆಲೆ ಸೊನ್ನೆಗಿಂತ 37.63 ಡಾಲರ್ ಕೆಳಗಿತ್ತು. ಮರುದಿನವೇ ಎಕ್ಸ್‌ಪೈರಿ, ಅಂದರೆ ಕಾಂಟ್ರಾಕ್ಟ್ ವಹಿವಾಟು ಮುಗಿದು ತೈಲ ಇಳಿಸಿಕೊಳ್ಳುವ ಹೊಣೆ ಬೀಳುವ ದಿನ. ತೈಲ ಇಳಿಸಿಕೊಳ್ಳಲು ಟ್ಯಾಂಕ್‌ಗಳಲ್ಲಿ ಜಾಗ ಸಿಗುವುದೇ ಕಷ್ಟವಾಗಿತ್ತು, ಹಾಗಾಗಿ ಕಾಂಟ್ರಾಕ್ಟ್ ಹಿಡಿದವರು ಹಣ ಕೊಟ್ಟಾದರೂ ಕೈತೊಳೆದುಕೊಳ್ಳಲು ನೋಡಿದರು. ಒಂದು ಕಾಂಟ್ರಾಕ್ಟ್‌ಗೆ ಆ ಒಂದು ದಿನದ ನಷ್ಟ 55,900 ಡಾಲರ್. ಶುಕ್ರವಾರ ಆ ಕಾಂಟ್ರಾಕ್ಟ್‌ನ ಪೂರ್ತಿ ಮೌಲ್ಯವೇ 18,270 ಆಗಿತ್ತು! ಲೆವರೇಜ್ ಇಲ್ಲದೆ, ಪೂರ್ತಿ ಮೌಲ್ಯವನ್ನು ಖಾತೆಯಲ್ಲಿ ಇಟ್ಟುಕೊಂಡು ಕೊಂಡವರೂ ಅದರ ಮೂರು ಪಟ್ಟು ಕಳೆದುಕೊಂಡರು.

ಇಂಥ ದಿನಗಳು ಅಪರೂಪ, ನಿಜ. ಆದರೂ ಸ್ಟಾಪ್ ಹಾಕಿ. ಸಾಮಾನ್ಯ ದಿನಗಳಲ್ಲಿ ಅದು ಚೆನ್ನಾಗಿಯೇ ಕೆಲಸ ಮಾಡುತ್ತದೆ. ವಾರಾಂತ್ಯಕ್ಕೆ, ದೊಡ್ಡ ಘೋಷಣೆಯ ಮುಂದೆ, ಎಕ್ಸ್‌ಪೈರಿ ಹತ್ತಿರ ಮಾತ್ರ ಅದನ್ನೇ ನಂಬಿ ಕೂರಬೇಡಿ. ಆಗ ಉಳಿಸುವುದು ಪೊಸಿಷನ್‌ನ ಗಾತ್ರ.

ಬೆಲೆ ಅಲುಗಾಡಲೇ ಇಲ್ಲ, ಆದರೂ ಮಾರ್ಜಿನ್ ಕಾಲ್ ಬಂತು. ಹೇಗೆ ಸಾಧ್ಯ?

ಮಾರ್ಜಿನ್ ದರವನ್ನೇ ಏರಿಸಿರಬೇಕು. ಏರಿಳಿತ ಜಾಸ್ತಿಯಾದಾಗ ವಿನಿಮಯ ಕೇಂದ್ರ ಹೀಗೆ ಮಾಡುತ್ತದೆ, ಮತ್ತು ಅದು ಈಗಾಗಲೇ ಇರುವ ಪೊಸಿಷನ್‌ಗಳಿಗೂ ಅನ್ವಯಿಸುತ್ತದೆ. ನಮ್ಮ ಖಾತೆ ಎರಡನೇ ದಿನದ ಕೊನೆಗೆ 7,600ರಲ್ಲಿತ್ತು, ನೆನಪಿದೆಯಲ್ಲ? ಮೇಂಟೆನೆನ್ಸ್ 5,500 ಇದ್ದಾಗ ಇನ್ನೂ 2.10 ಡಾಲರ್ ಇಳಿಕೆ ತಾಳಬಹುದಿತ್ತು. ಅದನ್ನು 6,800ಕ್ಕೆ ಏರಿಸಿದರೆ 80 ಸೆಂಟ್ ಮಾತ್ರ. 8,000ಕ್ಕೆ ಏರಿಸಿದರೆ ಕರೆ ಆಗಲೇ ಬಂದಾಯಿತು.

2011ರ ಏಪ್ರಿಲ್ ಕೊನೆ ಮತ್ತು ಮೇ ಶುರುವಿನಲ್ಲಿ ಬೆಳ್ಳಿ ಫ್ಯೂಚರ್ಸ್‌ನ ಮಾರ್ಜಿನ್ ಹೀಗೆ ಒಂದರ ಹಿಂದೆ ಒಂದು ಸಲ ಏರಿತು. ಅದೇ ಹೊತ್ತಿಗೆ ಬೆಲೆಯೂ ಕುಸಿಯಿತು. ಹಣ ತರಲಾಗದವರು ಮಾರುತ್ತಾರೆ, ಆ ಮಾರಾಟದಿಂದ ಬೆಲೆ ಇನ್ನೂ ಇಳಿಯುತ್ತದೆ, ಅದರಿಂದ ಇನ್ನಷ್ಟು ಜನಕ್ಕೆ ಕರೆ ಹೋಗುತ್ತದೆ.

ಇನ್ನೊಂದು ಕಾರಣವೂ ಇರಬಹುದು. ಕೆಲವು ಬ್ರೋಕರ್‌ಗಳು ಹಗಲಿನ ವಹಿವಾಟಿಗೆ ತೀರಾ ಕಡಿಮೆ ಮಾರ್ಜಿನ್ ಕೇಳುತ್ತಾರೆ. ಮಾರುಕಟ್ಟೆ ಮುಚ್ಚುವ ಮುಂಚೆ ಪೊಸಿಷನ್ ಬಿಡದಿದ್ದರೆ ಪೂರ್ತಿ ಮಾರ್ಜಿನ್ ಬೇಕಾಗುತ್ತದೆ.

ನಿಜವಾದ ಸರಕು ಕೈಯಲ್ಲಿದ್ದು ಹೆಜ್ ಮಾಡುವವರಿಗೂ ಈ ತೊಂದರೆ ಇದೆಯಾ?

ಇದೆ. ಹೆಜ್ ಅಂದರೆ ಒಂದು ಕಡೆಯ ನಷ್ಟವನ್ನು ಇನ್ನೊಂದು ಕಡೆಯ ಲಾಭ ಸರಿದೂಗಿಸುವಂತೆ ಮಾಡಿಕೊಳ್ಳುವ ಏರ್ಪಾಡು. ಹೆಜ್ ಸರಿಯಾಗಿದ್ದರೂ ಮಾರ್ಜಿನ್ ನಗದು ಇವತ್ತೇ ಕೇಳುತ್ತದೆ, ಇನ್ನೊಂದು ಕಡೆಯ ಲಾಭ ಮುಂದೆ ಯಾವಾಗಲೋ ಬರುತ್ತದೆ. ಜರ್ಮನಿಯ ಮೆಟಾಲ್‌ಗೆಸೆಲ್‌ಶಾಫ್ಟ್ ಕಂಪನಿಯ ಅಮೆರಿಕದ ಅಂಗಸಂಸ್ಥೆ ಹಲವು ವರ್ಷಗಳ ತೈಲ ಪೂರೈಕೆ ಒಪ್ಪಂದಗಳನ್ನು ಕಡಿಮೆ ಅವಧಿಯ ಫ್ಯೂಚರ್ಸ್‌ನಿಂದ ಹೆಜ್ ಮಾಡಿತ್ತು. 1993ರಲ್ಲಿ ತೈಲ ಬೆಲೆ ಇಳಿದಾಗ ಮಾರ್ಜಿನ್‌ಗೆ ನಗದು ಹೊಂದಿಸಲು ಪರದಾಡಿ, ನೂರು ಕೋಟಿ ಡಾಲರ್‌ಗೂ ಹೆಚ್ಚು ನಷ್ಟದಲ್ಲಿ ಪೊಸಿಷನ್‌ಗಳನ್ನು ಬಿಡಬೇಕಾಯಿತು.

ಆಪ್ಷನ್ ಕೊಂಡರೆ ಮಾರ್ಜಿನ್ ಗೋಳೇ ಇಲ್ಲವಲ್ಲ?

ಕೊಳ್ಳುವವರಿಗೆ ಇಲ್ಲ. ಆಪ್ಷನ್ ಅಂದರೆ ಗೊತ್ತಾದ ಬೆಲೆಗೆ ಕೊಳ್ಳುವ ಅಥವಾ ಮಾರುವ ಹಕ್ಕು, ಅದಕ್ಕೆ ಕೊಡುವ ಬೆಲೆಯೇ ಪ್ರೀಮಿಯಂ. ಕೊಟ್ಟ ಪ್ರೀಮಿಯಂಗಿಂತ ಹೆಚ್ಚು ಹೋಗುವುದಿಲ್ಲ. ಲೆವರೇಜ್ ಮಾತ್ರ ಹೋಗಿಲ್ಲ, ಪ್ರೀಮಿಯಂ ಒಳಗೆ ಸೇರಿಕೊಂಡಿದೆ. ತೈಲ ಶೇ. 2 ಇಳಿದರೆ ಕೊಳ್ಳುವ ಹಕ್ಕಾದ ಕಾಲ್ ಆಪ್ಷನ್‌ನ ಪ್ರೀಮಿಯಂ ಮೂರನೇ ಒಂದು ಭಾಗ ಕಳೆದುಕೊಳ್ಳುವುದೂ ಉಂಟು. ಬೆಲೆ ಅಲುಗದೆ ನಿಂತರೂ ದಿನ ಕಳೆದಂತೆ ಅದು ಕರಗುತ್ತದೆ. ಆಪ್ಷನ್ ಮಾರಿದವರಿಗೆ ಮಾತ್ರ ಮೇಲೆ ಹೇಳಿದ್ದೆಲ್ಲ ಅನ್ವಯ. ಬೆಲೆ ಅವರಿಗೆ ವಿರುದ್ಧ ಹೋದಷ್ಟೂ ಅವರಿಂದ ಕೇಳುವ ಮಾರ್ಜಿನ್ ಕೂಡ ಏರುತ್ತದೆ.

ಹಾಗಾದರೆ ಎಷ್ಟು ಕಾಂಟ್ರಾಕ್ಟ್ ಕೊಳ್ಳಬೇಕು?

ಮಾರ್ಜಿನ್ ಎಷ್ಟಕ್ಕೆ ಸಾಲುತ್ತದೆ ಅಂತ ಲೆಕ್ಕ ಶುರುಮಾಡಬೇಡಿ. ತಪ್ಪಾದರೆ ಎಷ್ಟು ಕಳೆದುಕೊಳ್ಳಲು ಸಿದ್ಧ ಅನ್ನುವುದರಿಂದ ಶುರುಮಾಡಿ. 10,000 ಖಾತೆಯಲ್ಲಿ ಒಂದು ವಹಿವಾಟಿಗೆ ಶೇ. 2, ಅಂದರೆ 200 ಡಾಲರ್ ಅಂತ ಇಟ್ಟುಕೊಳ್ಳಿ. ಚಾರ್ಟ್ ನೋಡಿ ಸ್ಟಾಪ್‌ಗೆ 1.50 ಡಾಲರ್ ದೂರ ಬೇಕು ಅನ್ನಿಸಿತು. 1,000 ಬ್ಯಾರೆಲ್‌ನ ದೊಡ್ಡ ಕಾಂಟ್ರಾಕ್ಟ್‌ನಲ್ಲಿ ಅದು 1,500 ಡಾಲರ್ ನಷ್ಟ. ಅಂದರೆ ಈ ಖಾತೆಗೆ ಒಂದೂ ಆಗುವುದಿಲ್ಲ, ಮಾರ್ಜಿನ್ ಧಾರಾಳವಾಗಿ ಸಾಕಾಗಿದ್ದರೂ. ಇದೇ ತೈಲಕ್ಕೆ 100 ಬ್ಯಾರೆಲ್‌ನ ಮೈಕ್ರೋ ಕಾಂಟ್ರಾಕ್ಟ್ ಕೂಡ ಇದೆ. ಅದರಲ್ಲಿ 1.50 ಡಾಲರ್ ಅಂದರೆ 150 ಡಾಲರ್. ಒಂದು ಕೊಳ್ಳಬಹುದು, ಎರಡಾಗುವುದಿಲ್ಲ.

ಕೆಲವರು ಇಲ್ಲಿ ಒಂದು ಜಾಣತನ ಮಾಡುತ್ತಾರೆ. ದೊಡ್ಡ ಕಾಂಟ್ರಾಕ್ಟೇ ಬೇಕು ಅಂತ ಸ್ಟಾಪನ್ನು 20 ಸೆಂಟ್ ಹತ್ತಿರಕ್ಕೆ ತರುತ್ತಾರೆ. ಕಾಗದದ ಮೇಲೆ ನಷ್ಟ 200 ಡಾಲರ್‌ಗೇ ಬಂತು. ಆದರೆ ಕಚ್ಚಾ ತೈಲ ಏನೂ ಸುದ್ದಿ ಇಲ್ಲದ ದಿನವೂ ಒಂದು ಗಂಟೆಯೊಳಗೆ 20 ಸೆಂಟ್ ಆಚೀಚೆ ಆಗುತ್ತದೆ. ಅಂದಾಜು ಸರಿಯಿದ್ದರೂ ಸ್ಟಾಪ್ ಹಾರುತ್ತದೆ, ಮತ್ತೆ ಕೊಳ್ಳುತ್ತೀರಿ, ಮತ್ತೆ ಹಾರುತ್ತದೆ. ಹೀಗೆ ಐದು ಸಲ ಆದರೆ 1,000 ಡಾಲರ್ ಹೋಯಿತು, ಅದರ ಮೇಲೆ ಪ್ರತಿ ಸಲದ ಬ್ರೋಕರೇಜ್ ಬೇರೆ. ಸ್ಟಾಪ್ ಎಲ್ಲಿರಬೇಕು ಅಂತ ಚಾರ್ಟ್ ಹೇಳಲಿ, ಎಷ್ಟು ಕೊಳ್ಳಬೇಕು ಅಂತ ಖಾತೆ ಹೇಳಲಿ. ಲೆಕ್ಕ ಸೊನ್ನೆ ಬಂದರೆ ಆ ವಹಿವಾಟು ಈ ಖಾತೆಗೆ ದೊಡ್ಡದು ಅಂತಲೇ ಅರ್ಥ.